ವಾರಕ್ಕೆ ಎಷ್ಟು ಸಲ ‘ಕೊಳ್ಳಿ’ ಎನ್ನಬಹುದು?

ಕಳೆದ ಆಗಸ್ಟ್‌ನಲ್ಲಿ ಸಾಗರದ ನಮ್ಮ ಅತ್ತೆ ಫೋನ್ ಮಾಡಿದರು. "ನಿನ್ನ ಪುಟ ತೆರೆದರೆ ಈಗ ಬರೀ ಭರಣಿಯೇ ಕಾಣುತ್ತದಲ್ಲೇ! ಮೊದಲಾದರೆ ಓದುವುದಕ್ಕೆ ಏನಾದರೂ ಇರುತ್ತಿತ್ತು" ಎಂದರು. ನಾನು ಬೇಕೆಂದೇ ಹಾಗೆ ಮಾಡುತ್ತಿದ್ದೇನೆ, ಇದೊಂದು ಪರೀಕ್ಷೆ ಎಂದರೆ ಅವರು ನಂಬಲಿಲ್ಲ.

ನಾನು ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವಳು. ನನ್ನ ಫೇಸ್‌ಬುಕ್ ಪುಟಕ್ಕೆ ಆರು ಸಾವಿರದಷ್ಟು ಓದುಗರಿದ್ದಾರೆ. ವಾರಕ್ಕೆ ಐದು ಪೋಸ್ಟ್ ಹಾಕುತ್ತೇನೆ. ತೊಟ್ಟು ಮುರಿದ ಮಿಡಿಯನ್ನು ಏಕೆ ಆರಿಸಬಾರದು, ಸೊನೆ ಚೆಲ್ಲಿದರೆ ಏನು ಹೋಗುತ್ತದೆ, ಉಪ್ಪಿನಲ್ಲಿ ಮಿಡಿ ಚಿರುಟಿದ್ದು ಸಾಕೋ ಇಲ್ಲವೋ ಎಂದು ತಿಳಿಯುವುದು ಹೇಗೆ, ಇಂಥವೇ ಹೆಚ್ಚು. ನಡುವೆ ಭರಣಿಯ ಚಿತ್ರ, ಬೆಲೆ, ಫೋನ್ ಸಂಖ್ಯೆ ಇರುವ ಮಾರಾಟದ ಪೋಸ್ಟ್. ನೂರರಲ್ಲಿ ಎಂಬತ್ತು ಉಪಯುಕ್ತ ಪೋಸ್ಟ್, ಇಪ್ಪತ್ತು ಮಾರಾಟದ್ದು ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆದರೆ ನನ್ನ ಓದುಗರಿಗೂ ಅದೇ ಲೆಕ್ಕ ಒಪ್ಪುತ್ತದೆಯೇ ಎಂದು ನೋಡಬೇಕಿತ್ತು.

ಹೊಸ ಮಿಡಿಯ ಭರಾಟೆ ಮುಗಿದ ಮೇಲೆ, ಜೂನ್‌ನಲ್ಲಿ ಶುರು ಮಾಡಿದೆ. ವಾರಕ್ಕೆ ಐದು ಎಂಬುದನ್ನಾಗಲಿ, ಹಾಕುವ ದಿನ, ಹೊತ್ತುಗಳನ್ನಾಗಲಿ ಬದಲಿಸಲಿಲ್ಲ. ಬದಲಾದದ್ದು ಒಂದೇ: ಜೂನ್‌ನ ನಾಲ್ಕು ವಾರ ಐದರಲ್ಲಿ ಒಂದು ಮಾರಾಟದ ಪೋಸ್ಟ್, ಜುಲೈಯಲ್ಲಿ ಎರಡು, ಆಗಸ್ಟ್‌ನಲ್ಲಿ ಮೂರು. ಹಬ್ಬದ ವಾರವನ್ನು ಲೆಕ್ಕದಿಂದ ಬಿಟ್ಟೆ. ಉಡುಗೊರೆಗೆಂದು ಕೊಳ್ಳುವವರು ಅಂಕಿಗಳನ್ನು ಕೆಡಿಸುತ್ತಾರೆ.

ಜೂನ್‌ನಲ್ಲಿ 41 ಭರಣಿ ಹೋದವು, ಜುಲೈಯಲ್ಲಿ 68, ಆಗಸ್ಟ್‌ನಲ್ಲಿ 71. ಎರಡನೆಯ ಪೋಸ್ಟ್ ತನ್ನ ಕೂಲಿ ದುಡಿದುಕೊಂಡಿತು, ಮೂರನೆಯದು ದುಡಿಯಲಿಲ್ಲ. ಯೋಚಿಸಿದರೆ ಕಾರಣ ಸರಳ. ಅರ್ಧ ಕಿಲೋ ಭರಣಿ ನಾಲ್ಕು ಜನರ ಮನೆಯಲ್ಲಿ ಎರಡು ತಿಂಗಳಾದರೂ ಬರುತ್ತದೆ. ಅದು ಖಾಲಿಯಾಗದೆ, ನಾನು ಎಷ್ಟು ಸಲ ಕೂಗಿದರೂ ಆ ಮನೆಯವರು ಇನ್ನೊಂದನ್ನು ಕೊಳ್ಳುವುದಿಲ್ಲ.

ಮಾರಾಟ ಏರದಿದ್ದರೇನು, ನಷ್ಟವಂತೂ ಇಲ್ಲವಲ್ಲ ಎಂದು ಇಲ್ಲಿಗೇ ನಿಲ್ಲಿಸುವವರು ಬಹಳ. ನಾನೂ ನಿಲ್ಲಿಸುತ್ತಿದ್ದೆ. ಮಾರಾಟದ ಪೋಸ್ಟ್‌ಗಳಿಗೆ ಲೈಕ್ ಕಡಿಮೆಯಾಗಿರಲಿಲ್ಲ, ಪುಟ ಬಿಟ್ಟು ಹೋದವರೂ ಹೆಚ್ಚಿರಲಿಲ್ಲ. ಏಟು ಬಿದ್ದದ್ದು ಬೇರೆ ಕಡೆ. ನನ್ನ ಉಪಯುಕ್ತ ಪೋಸ್ಟ್ ಒಂದೊಂದೂ ಜೂನ್‌ನಲ್ಲಿ ಸರಾಸರಿ 1,400 ಜನರನ್ನು ತಲುಪುತ್ತಿತ್ತು, ಜುಲೈಯಲ್ಲಿ 1,300. ಆಗಸ್ಟ್‌ನಲ್ಲಿ ಅದು 850ಕ್ಕೆ ಇಳಿಯಿತು. ಬೇಸರವಾದ ಓದುಗ ಜಗಳವಾಡುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ನಿಮ್ಮ ಹೆಸರು ಕಂಡೊಡನೆ ಬೆರಳು ಸರಿಸುತ್ತಾನೆ, ಅಷ್ಟೆ. ಹಾಗೆ ಸರಿಸುವವರು ಹೆಚ್ಚಿದಂತೆ ಮುಂದಿನ ಪೋಸ್ಟ್, ಅದು ಎಷ್ಟೇ ಚೆನ್ನಾಗಿರಲಿ, ಅವರ ಕಣ್ಣಿಗೆ ಬೀಳುವುದೇ ಕಡಿಮೆಯಾಗುತ್ತದೆ. ಆದ್ದರಿಂದ ಓದುಗರ ಸಹನೆಯನ್ನು ಮಾರಾಟದ ಪೋಸ್ಟ್‌ನಲ್ಲಿ ಅಳೆಯಬೇಡಿ, ಅದರ ಬೆನ್ನಿಗೆ ಬರುವ ಉಪಯುಕ್ತ ಪೋಸ್ಟ್‌ನಲ್ಲಿ ಅಳೆಯಿರಿ.

ಫೇಸ್‌ಬುಕ್ಕಿನ ಲೆಕ್ಕಾಚಾರವೇ ಆ ತಿಂಗಳು ಬದಲಾಗಿದ್ದರೆ? ಆ ಅನುಮಾನ ನನಗೂ ಇತ್ತು. ಕೊಳ್ಳಿ ಎಂದಷ್ಟೇ ಹೇಳುವ ಪುಟಗಳ ಪೋಸ್ಟ್‌ಗಳನ್ನು ಜನರಿಗೆ ಕಡಿಮೆ ತೋರಿಸುತ್ತೇವೆಂದು ಅವರು 2014ರಲ್ಲಿಯೇ ಪ್ರಕಟಿಸಿದ್ದರು, ಆದರೆ ಇಲ್ಲಿ ಇಳಿದದ್ದು ಉಳಿದ ಪೋಸ್ಟ್‌ಗಳು. ಅದಕ್ಕಾಗಿ ಸೆಪ್ಟೆಂಬರ್‌ನಲ್ಲಿ ಮತ್ತೆ ವಾರಕ್ಕೆ ಒಂದಕ್ಕೆ ಬಂದೆ. ಮೊದಲೆರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರದಿಂದ ಏರತೊಡಗಿ ತಿಂಗಳ ಕೊನೆಗೆ 1,250 ಮುಟ್ಟಿತು. ತಪ್ಪು ಬಹುಮಟ್ಟಿಗೆ ನನ್ನದೇ ಇತ್ತು. ಹೀಗೆ ಹಿಂದಕ್ಕೆ ಬಂದು ನೋಡದಿದ್ದರೆ ಪರೀಕ್ಷೆ ಅರ್ಧವೇ. ಇಷ್ಟು ಸಣ್ಣ ಪುಟದಲ್ಲಿ 68ಕ್ಕೂ 71ಕ್ಕೂ ಇರುವ ಅಂತರಕ್ಕೆ ಅರ್ಥವಿಲ್ಲ, 1,300ಕ್ಕೂ 850ಕ್ಕೂ ಇರುವುದಕ್ಕೆ ಇದೆ.

ಅಕ್ಟೋಬರ್‌ನಲ್ಲಿ ಇನ್ನೊಂದು ನೋಡಿದೆ. ಒಂದು ಬಿಟ್ಟು ಒಂದು ಉಪಯುಕ್ತ ಪೋಸ್ಟ್‌ನ ಕೊನೆಗೆ ‘ಭರಣಿ ಬೇಕಿದ್ದವರು ಸಂದೇಶ ಕಳುಹಿಸಿ’ ಎಂಬ ಒಂದು ಸಾಲು ಸೇರಿಸಿದೆ. ತಲುಪಿದವರ ಸಂಖ್ಯೆಯಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ, ಬೆಲೆ ಕೇಳಿದವರು ಮಾತ್ರ ಹೆಚ್ಚಾದರು. ಆದರೆ ಒಮ್ಮೆ ಜಾಣತನ ಮಾಡಿ ಕೆಟ್ಟೆ. ಉಪ್ಪಿನಕಾಯಿಯ ಮೇಲೆ ಬಿಳಿ ಪೊರೆ ಕಟ್ಟುವುದರ ಬಗ್ಗೆ ಬರೆದು, ತೇವದ ಚಮಚದ ಮಾತು ಹೇಳದೆ, ‘ನಮ್ಮ ಭರಣಿಯಲ್ಲಿ ಈ ತೊಂದರೆಯೇ ಇಲ್ಲ’ ಎಂದು ಮುಗಿಸಿದ್ದೆ. ಆ ಐದು ತಿಂಗಳಲ್ಲಿ ಅತಿ ಹೆಚ್ಚು ಜನ ಮರೆಮಾಡಿದ್ದು ಅದೊಂದನ್ನೇ. ಆಗಸ್ಟ್‌ನ ಹನ್ನೆರಡು ಭರಣಿ ಚಿತ್ರಗಳನ್ನು ಸಹಿಸಿದವರು ಅದನ್ನು ಸಹಿಸಲಿಲ್ಲ.

ಈಗ ವಾರಕ್ಕೆ ಎರಡು ಮಾರಾಟದ ಪೋಸ್ಟ್ ಹಾಕುತ್ತೇನೆ. ಶನಿವಾರದ ಉಪಯುಕ್ತ ಪೋಸ್ಟ್ ಎರಡು ವಾರ ಸಾವಿರದ ಕೆಳಗಿಳಿದರೆ ಒಂದಕ್ಕೆ ಇಳಿಸುತ್ತೇನೆ. ಕೊಂಡವರ ಹೆಸರು, ತಾರೀಖುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಎರಡು ತಿಂಗಳಾದ ಮೇಲೆ ಅವರಿಗೆ ಮಾತ್ರ ‘ಖಾಲಿಯಾಯಿತೇ?’ ಎಂದು ಕೇಳುತ್ತೇನೆ. ಅತ್ತೆಯ ಹೆಸರು ಆ ಪುಸ್ತಕದಲ್ಲಿಲ್ಲ. ಅವರು ಭರಣಿಗೆ ಇಂದಿನವರೆಗೆ ದುಡ್ಡು ಕೊಟ್ಟವರಲ್ಲ.