ಹೆಬ್ಬೆರಳಿನ ಅಡಿಯಲ್ಲಿದ್ದ ಸಾಲು

ನಿನ್ನೆ ಸಂಜೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮುಂದೆ ಅಕ್ಕ ನಿಂತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಭಾವ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು, ಪ್ಲೇಟ್ ಹಾಕಿಸಿಕೊಂಡು, ನಾಲ್ಕು ದಿನಗಳ ನಂತರ ಮನೆಗೆ ಹೊರಟಿದ್ದರು. ಬಿಲ್ಲು 1,40,000 ರೂಪಾಯಿ. ಅದರಲ್ಲಿ 50,000 ಕೈಯಿಂದ ಕಟ್ಟಬೇಕು ಎಂದಾಗ ಅಕ್ಕ, "ಮೂರು ಲಕ್ಷದ ವಿಮೆ ಇದೆಯಲ್ಲ, ಅರ್ಧವೂ ಮುಗಿದಿಲ್ಲವಲ್ಲ" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ನಾನು ಹನ್ನೊಂದು ವರ್ಷ ಇಂಥದ್ದೇ ಕೌಂಟರಿನ ಆ ಬದಿಯಲ್ಲಿ ಕುಳಿತವಳು ಎಂಬುದು ನಿಮಗೆ ಗೊತ್ತು. ಅದಕ್ಕೇ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟು ಕೌಂಟರಿನವರ ಮೇಲಲ್ಲ. ನಮ್ಮ ಕುಟುಂಬದ ವಾಟ್ಸ್ಆಪ್ ಗುಂಪಿನಲ್ಲಿ ಕಳೆದ ವರ್ಷದಿಂದ ಬಿದ್ದಿರುವ ಒಂದು ಫೋಟೊದ ಮೇಲೆ. ಅಕ್ಕನ ಮಗ ಪಾಲಿಸಿ ಶೆಡ್ಯೂಲನ್ನು, ಅಂದರೆ ವಿಮೆಯ ಮೊತ್ತ, ಮಿತಿ, ಸದಸ್ಯರ ಹೆಸರುಗಳಿರುವ ಪುಟವನ್ನು, ಕೈಯಲ್ಲಿ ಹಿಡಿದು ಫೋಟೊ ತೆಗೆದು, ಕೆಳಗೆ "3 ಲಕ್ಷ, ಕ್ಯಾಶ್‌ಲೆಸ್ ಇದೆ" ಎಂದು ಬರೆದಿದ್ದ. ಎಲ್ಲರೂ ಹೆಬ್ಬೆರಳು ಎತ್ತಿ ಮೆಚ್ಚಿದ್ದೆವು, ನಾನೂ ಸೇರಿ. ನಿನ್ನೆ ರಾತ್ರಿ ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಪುಟದ ಕೆಳಗಿನ ಎಡ ಮೂಲೆಯಲ್ಲಿ ಅವನ ಹೆಬ್ಬೆರಳು. ಅದರ ಅಡಿಯಲ್ಲಿದ್ದ ಸಾಲು: ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1ರವರೆಗೆ.

ಮೂರು ಲಕ್ಷದ ಶೇ. 1 ಎಂದರೆ 3,000 ರೂಪಾಯಿ. ಅಕ್ಕ ಆರಿಸಿದ ರೂಮು 5,000ದ್ದು. ದಿನಕ್ಕೆ ಎರಡು ಸಾವಿರದಂತೆ ಎಂಟು ಸಾವಿರ ಹೋದರೆ ಹೋಗಲಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಗೆ ನಡೆಯುವುದಿಲ್ಲ. ಮಿತಿ ಮೀರಿದ ರೂಮು ತೆಗೆದುಕೊಂಡರೆ ಆ ರೂಮಿಗೆ ತಳುಕು ಹಾಕಿಕೊಂಡ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುವ ಷರತ್ತು ಈ ಪಾಲಿಸಿಯಲ್ಲಿದೆ. ಐದರಲ್ಲಿ ಮೂರು ಪಾಲು, ಅಂದರೆ ಶೇ. 60 ಮಾತ್ರ ಸಿಗುತ್ತದೆ. ಶಸ್ತ್ರಚಿಕಿತ್ಸಕರು, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ವೈದ್ಯರ ಭೇಟಿ ಎಲ್ಲ ಸೇರಿ 80,000 ಆಗಿತ್ತು. ಅದರಲ್ಲಿ ಒಪ್ಪಿದ್ದು 48,000. ಔಷಧಿ, ಪರೀಕ್ಷೆಗಳು ಮತ್ತು ಕಾಲಿಗೆ ಹಾಕಿದ ಪ್ಲೇಟಿಗೆ ಈ ಕಡಿತ ಅನ್ವಯಿಸುವುದಿಲ್ಲ, ಆ 40,000 ಪೂರ್ತಿ ಬಂತು. ರೂಮಿನದು 20,000ದಲ್ಲಿ 12,000. ಒಟ್ಟು ಒಂದು ಲಕ್ಷ. ಅದರ ಮೇಲೆ ಶೇ. 10 ಕೋ-ಪೇ, ಅಂದರೆ ಪ್ರತಿ ಕ್ಲೇಮಿನಲ್ಲೂ ನಾವೇ ಹೊರಬೇಕಾದ ಪಾಲು. ಅದನ್ನೂ ಕಳೆದು ಕಂಪನಿ ಕೊಟ್ಟದ್ದು 90,000. ಅದೇ ಆಸ್ಪತ್ರೆಯಲ್ಲಿ 3,000ದ ರೂಮು ಖಾಲಿ ಇತ್ತು. ಉಳಿದ ಖರ್ಚೆಲ್ಲ ಇಷ್ಟೇ ಆಗಿದ್ದರೂ ಅಕ್ಕ ಕಟ್ಟಬೇಕಾಗಿದ್ದದ್ದು 13,200. "ದಿನಕ್ಕೆ 3,000 ಮೀರಿದ ರೂಮು ಬೇಡ" ಎಂಬ ಒಂದು ಸಾಲು ಅವಳ ಕೈಯಲ್ಲಿದ್ದಿದ್ದರೆ ಸಾಕಿತ್ತು. ಪಾಲಿಸಿಯ ಮುಖ್ಯ ಷರತ್ತುಗಳನ್ನು ಸರಳವಾಗಿ ಬರೆದಿಟ್ಟ ಒಂದು ಹಾಳೆ ಪ್ರತಿ ಮನೆಯಲ್ಲೂ ಇರಬೇಕು ಎನ್ನುವುದು ಇದಕ್ಕೇ.

ಏಜೆಂಟರು ಇದ್ದಾರಲ್ಲ, ಆಸ್ಪತ್ರೆಯ ವಿಮಾ ಡೆಸ್ಕಿನವರು ನೋಡಿಕೊಳ್ಳುತ್ತಾರಲ್ಲ ಎಂದು ನೀವು ಕೇಳಬಹುದು. ಡೆಸ್ಕಿನವರು ಕ್ಯಾಶ್‌ಲೆಸ್ ಅರ್ಜಿ ಕಳುಹಿಸುತ್ತಾರೆ, ಒಳ್ಳೆಯವರಾದರೆ ಮಿತಿಯನ್ನೂ ಹೇಳುತ್ತಾರೆ. ಆದರೆ ರಾತ್ರಿ ಒಂಬತ್ತಕ್ಕೆ ನೋವಿನಿಂದ ನರಳುವವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದಾಗ, ಅವರು ಕಡತ ತೆರೆಯುವ ಮೊದಲೇ ರೂಮು ನಿಗದಿಯಾಗಿರುತ್ತದೆ. 2024ರ ಜನವರಿಯಿಂದ ಕಂಪನಿಗಳು ಹೊಸ ನಮೂನೆಯ ಗ್ರಾಹಕ ಮಾಹಿತಿ ಪತ್ರವನ್ನು ಪಾಲಿಸಿಯ ಜೊತೆ ಕೊಡಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಅದನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ, ಉಪಯುಕ್ತ. ಆದರೂ ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆಗೆ ಯಾವ ತಾರೀಕಿನಿಂದ ವಿಮೆ ಸಿಗುತ್ತದೆ ಎಂಬುದನ್ನು ನೀವೇ ಕುಳಿತು ಬರೆಯಬೇಕು.

ಆ ತಾರೀಕಿನ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೇನೆ. ನಮ್ಮ ಪಾಲಿಸಿ ಶುರುವಾದದ್ದು 2019ರಲ್ಲಿ. ಅಮ್ಮನನ್ನು ಸೇರಿಸಿದ್ದು 2022ರ ಆಗಸ್ಟಿನ ನವೀಕರಣದಲ್ಲಿ. ಕೆಲವು ಕಾಯಿಲೆಗಳಿಗೆ ಪಾಲಿಸಿಗೆ ಸೇರಿದ ಮೇಲೆ ಇಂತಿಷ್ಟು ಕಾಲ ಕ್ಲೇಮ್ ಸಿಗುವುದಿಲ್ಲ, ಅದೇ ಕಾಯುವ ಅವಧಿ. ನಾನು ಬರೆದಿಟ್ಟ ಹಾಳೆಯಲ್ಲಿ "ಕಾಯುವ ಅವಧಿ ಮುಗಿದಿದೆ" ಎಂದಿತ್ತು, ಏಕೆಂದರೆ ಶೆಡ್ಯೂಲಿನ ಮೇಲ್ಭಾಗದ 2019 ಮಾತ್ರ ನನಗೆ ಕಂಡಿತ್ತು. ಕೆಳಗಿನ ಕೋಷ್ಟಕದಲ್ಲಿ ಪ್ರತಿ ಹೆಸರಿನ ಎದುರು ಸೇರಿದ ದಿನಾಂಕ ಬೇರೆಯೇ ಇತ್ತು. 2023ರ ನವೆಂಬರಿನಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಆ ಪಾಲಿಸಿಯಲ್ಲಿ ಪೊರೆಗೆ 24 ತಿಂಗಳು ಕಾಯಬೇಕಿತ್ತು, ಅಮ್ಮನಿಗೆ ಆಗಿದ್ದದ್ದು 15. ಕ್ಲೇಮ್ ತಿರಸ್ಕೃತವಾಯಿತು. ಒಂಬತ್ತು ತಿಂಗಳು ತಡೆಯಬಹುದಾಗಿದ್ದ ಶಸ್ತ್ರಚಿಕಿತ್ಸೆಗೆ ಅಮ್ಮ ತನ್ನ ಠೇವಣಿ ಮುರಿದು ಹಣ ಕೊಟ್ಟಳು. ಒಂದು ಮಾತೂ ಆಡಲಿಲ್ಲ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಆಮೇಲೆ ನಾನು ಮಾಡುವ ಕ್ರಮವೇ ಬೇರೆ. ಶೆಡ್ಯೂಲನ್ನು ಕಿಟಕಿಯ ಬಳಿ ನೆಲದ ಮೇಲೆ ಹಾಸಿ, ಮಡಿಕೆ ಬಿಡಿಸಿ, ನಾಲ್ಕು ಮೂಲೆಯೂ ಬರುವಂತೆ ಫೋಟೊ ತೆಗೆಯುತ್ತೇನೆ. ಪುಟದ ಸಂಖ್ಯೆ ನೋಡಿ ಎಲ್ಲ ಪುಟಗಳೂ ಬಂದಿವೆಯೇ ಎಂದು ಎಣಿಸುತ್ತೇನೆ. ವಾಟ್ಸ್ಆಪಿನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸುತ್ತೇನೆ, ಇಲ್ಲದಿದ್ದರೆ ಸಣ್ಣ ಅಂಕಿಗಳು ಕಲಸಿಹೋಗುತ್ತವೆ. ಹಾಳೆಯಲ್ಲಿ ಶೇಕಡಾ ಬರೆಯುವುದಿಲ್ಲ, ರೂಪಾಯಿ ಬರೆಯುತ್ತೇನೆ. ತಿಂಗಳು ಬರೆಯುವುದಿಲ್ಲ, ತಾರೀಕು ಬರೆಯುತ್ತೇನೆ. ಪ್ರತಿ ಸಾಲಿನ ಪಕ್ಕದಲ್ಲಿ ಅದು ಯಾವ ಪುಟದಿಂದ ಬಂತು ಎಂಬುದು ಇರುತ್ತದೆ. ಓದಲಾಗದ ಅಂಕಿಯನ್ನು ಊಹಿಸಿ ತುಂಬುವುದಿಲ್ಲ, "ಓದಲಾಗಿಲ್ಲ" ಎಂದೇ ಬರೆಯುತ್ತೇನೆ.

ವಿಮೆಯಿಂದ ಹೊರಗಿಟ್ಟ ವಿಷಯಗಳು ಸಾಮಾನ್ಯವಾಗಿ ಶೆಡ್ಯೂಲಿನಲ್ಲಿ ಪೂರ್ತಿ ಇರುವುದಿಲ್ಲ. Excl01, Excl02, Excl03 ಎಂಬ ಸಂಕೇತಗಳು ಕಂಡರೆ ಪಾಲಿಸಿಯ ದಪ್ಪ ಪುಸ್ತಕ ತೆರೆಯಬೇಕು. ಮೊದಲನೆಯದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ, ಎರಡನೆಯದು ಪೊರೆಯಂಥ ಪಟ್ಟಿ ಮಾಡಿದ ಕಾಯಿಲೆಗಳು, ಮೂರನೆಯದು ಆರಂಭದ 30 ದಿನಗಳು. ಆ 30 ದಿನ ಅಪಘಾತಕ್ಕೆ ಅನ್ವಯಿಸುವುದಿಲ್ಲ. ವಿಮಾ ಮೊತ್ತ ಹೆಚ್ಚಿಸಿದ್ದರೆ ಹೆಚ್ಚಿದ ಭಾಗಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ ಎಂಬುದೂ ಹಾಳೆಯಲ್ಲಿ ಇರಲಿ.

ಕ್ಲೇಮಿನ ಭಾಗವನ್ನು ಆಸ್ಪತ್ರೆಗೆ ಓಡುವವರು ಓದುವಂತೆ ಬರೆಯಬೇಕು. ಅಕ್ಕನಿಗೆ ಈಗ ಬರೆದುಕೊಟ್ಟಿದ್ದು ಹೀಗಿದೆ: ಮೊದಲು ಈ ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿದೆಯೇ ಕೇಳು. 3,000ದೊಳಗಿನ ರೂಮು ಕೇಳು. ಕಾರ್ಡು, ಆಧಾರ್ ಕೊಟ್ಟು ಡೆಸ್ಕಿನಲ್ಲಿ ಅರ್ಜಿ ಹಾಕಿಸು. ತುರ್ತಾಗಿ ಸೇರಿಸಿದರೆ 24 ಗಂಟೆಯೊಳಗೆ, ಮೊದಲೇ ಗೊತ್ತಿದ್ದರೆ 48 ಗಂಟೆ ಮುಂಚೆ ಈ ಸಂಖ್ಯೆಗೆ ಫೋನ್ ಮಾಡು. ಕ್ಯಾಶ್‌ಲೆಸ್ ಸಿಗದಿದ್ದರೆ ಡಿಸ್ಚಾರ್ಜ್ ಸಾರಾಂಶ, ಮೂಲ ಬಿಲ್ಲು, ರಸೀದಿ, ಔಷಧಿ ಚೀಟಿ ಯಾವುದನ್ನೂ ಬಿಡದೆ ತಾ. ಈ ಗಂಟೆಗಳು ಅಕ್ಕನ ಪಾಲಿಸಿಯವು, ನಿಮ್ಮದರಲ್ಲಿ ಬೇರೆ ಇರಬಹುದು.

ಇವತ್ತು ಬೆಳಿಗ್ಗೆ ಅಕ್ಕನ ಮಗ ಹೊಸದಾಗಿ ಫೋಟೊ ತೆಗೆದು ಕಳುಹಿಸಿದ. ಈ ಸಲ ನಾಲ್ಕು ಪುಟಗಳೂ ಇದ್ದವು. ಆದರೆ ಭಾವ ಪಾಲಿಸಿಗೆ ಸೇರಿದ ವರ್ಷದ ಕೊನೆಯ ಅಂಕಿ ಸರಿಯಾಗಿ ಮಡಿಕೆಯ ಮೇಲಿತ್ತು, 3 ಅಥವಾ 5. "2023 ಅನ್ನಿಸುತ್ತದೆ ಚಿಕ್ಕಮ್ಮ" ಎಂದ. "ಅನ್ನಿಸುವುದು ಬೇಡ, ಓದಲಾಗಿಲ್ಲ ಎಂದು ಬರೆ, ಕಂಪನಿಯಿಂದ ಪಿಡಿಎಫ್ ತರಿಸು" ಎಂದೆ. ಮಧ್ಯಾಹ್ನ ಪಿಡಿಎಫ್ ಬಂತು. 14 ಮಾರ್ಚ್ 2025. ಮೊದಲೇ ಇದ್ದ ಕಾಯಿಲೆಗೆ ಆ ಪಾಲಿಸಿಯಲ್ಲಿ ಮೂರು ವರ್ಷ ಕಾಯಬೇಕು. ಭಾವನ ಹೆಸರಿನ ಮುಂದೆ ಅವನು ಈಗ ಬರೆದಿರುವ ಸಾಲು: ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಚಿಕಿತ್ಸೆ, 2028 ಮಾರ್ಚ್ 14ರ ನಂತರ, ಪುಟ 2.