ತಗ್ಗನ್ನು ಖಾಲಿ ಬಿಟ್ಟ ದಡ್ಡರು

ಬೆಂಗಳೂರಿನ ಹಳೇ ಪೇಟೆ ಕಟ್ಟಿದವರಿಗೆ ಜಾಗದ ಬೆಲೆಯೇ ಗೊತ್ತಿರಲಿಲ್ಲ. ಚಿಕ್ಕಪೇಟೆ, ದೊಡ್ಡಪೇಟೆಯ ಜನರನ್ನೆಲ್ಲ ದಿಣ್ಣೆಯ ಮೇಲೆ ಒತ್ತೊತ್ತಾಗಿ ಕೂರಿಸಿದರು. ಸುತ್ತಲಿನ ತಗ್ಗನ್ನು ಮಾತ್ರ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಎಂದು ಹೆಸರಿಟ್ಟು ನೀರಿಗೆ ಬಿಟ್ಟುಕೊಟ್ಟರು.

ಅಷ್ಟಕ್ಕೇ ಬಿಟ್ಟರೆ? ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರು, ಅದೇ ಓಡಾಟದ ದಾರಿಯಾಯಿತು. ಏರಿಯಡಿಯ ತೂಬಿನಿಂದ ಇಳಿದ ನೀರಿಗೆ ಏರಿಯ ಹಿಂದೆ ಗದ್ದೆ, ತೋಟ. ಏರಿಯ ನೆತ್ತಿಗಿಂತ ತುಸು ತಗ್ಗಿನಲ್ಲಿ ಕಲ್ಲಿನ ಕೋಡಿ. ಹೆಚ್ಚಾದ ನೀರು ಕೋಡಿ ದಾಟಿ ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಏರಿಯ ಮೇಲೇ ಹರಿದರೆ ಮಣ್ಣು ಕೊರೆದು ಏರಿ ಒಡೆಯುತ್ತದೆ. ಹೀಗೆ ದಾರಿ, ತೋಟ, ಮನೆ ಎಲ್ಲಿರಬೇಕೆಂದು ನೀರೇ ಗೆರೆ ಎಳೆದಿತ್ತು. ಮಾಸ್ಟರ್ ಪ್ಲಾನ್ ಇಲ್ಲದ ಕಾಲ, ಪಾಪ.

1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಆಮೇಲೆ ಕೆರೆ ಎಂದರೆ ಸರ್ಕಾರದ್ದೇ ಆದ, ಸಮತಟ್ಟಾದ, ಯಾರೂ ಮನೆ ಕಟ್ಟಿರದ ಮೈದಾನ. ಇಂಥ ಸೈಟು ಇನ್ನೆಲ್ಲಿ ಸಿಗಬೇಕು? ಧರ್ಮಾಂಬುಧಿಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿಯದು ಕಂಠೀರವ ಕ್ರೀಡಾಂಗಣವಾಯಿತು. ಸಂಪಂಗಿಯಲ್ಲಿ ಕರಗಕ್ಕೆಂದು ಒಂದು ಪುಟ್ಟ ಕೊಳ ಉಳಿಸಿದ್ದಾರೆ. ದೇವರ ಪಾಲು ಕೊಡದಿದ್ದರೆ ಹೇಗೆ!

ಈ ಬದಲಾವಣೆಯನ್ನು ಮಳೆಗೆ ತಿಳಿಸುವುದೊಂದು ಮರೆತುಹೋಯಿತು. ಕೆರೆಗೆ ನೀರು ಬಸಿಯುವ ನೆಲ 100 ಹೆಕ್ಟೇರ್ ಎಂದಿಟ್ಟುಕೊಳ್ಳಿ. ಒಂದು ಸಂಜೆ 50 ಮಿಲಿಮೀಟರ್ ಮಳೆ ಬಂದರೆ ಅಲ್ಲಿ ಬಿದ್ದದ್ದು 5 ಕೋಟಿ ಲೀಟರ್. ನೆಲ ಮಣ್ಣಾಗಿದ್ದಾಗ ಒಂದು ಪಾಲು ಇಂಗುತ್ತಿತ್ತು, ಉಳಿದದ್ದು ನಿಧಾನಕ್ಕೆ ಬಂದು ಕೆರೆಯಲ್ಲಿ ತಂಗುತ್ತಿತ್ತು. ಈಗ ತಾರಸಿ, ಟಾರು, ಕಾಂಕ್ರೀಟಿನಿಂದ ಬಹುಪಾಲು ಒಂದೇ ಉಸಿರಿಗೆ ಇಳಿಯುತ್ತದೆ. ತಂಗಲು ಕೆರೆಯಿಲ್ಲ. ಹೋಗಲು ಇರುವುದು ಹೂಳು ತುಂಬಿದ, ಅಡ್ಡಡ್ಡ ಕೇಬಲ್, ಪೈಪು ತೂರಿಸಿದ ರಾಜಕಾಲುವೆ. ರಾಜ ಹೋದ, ಕಾಲುವೆಯೂ ಅರ್ಧ ಹೋಯಿತು.

ನೀರು ನಿಂತ ಮೇಲೆ ಪರಿಶೀಲನಾ ಸಭೆ. ‘ಅನಿರೀಕ್ಷಿತ ಮಳೆ’ ಎಂಬುದು ಮೊದಲ ನಿರ್ಣಯ, ಚರಂಡಿಯ ಬಾಯಿಯ ಪ್ಲಾಸ್ಟಿಕ್ ತೆಗೆಸುವುದು ಎರಡನೆಯದು. ಸಭೆಗೆ ಮುಂಚೆ ಯಾರಾದರೂ ಮಳೆಯಲ್ಲೇ ಒಂದು ಮುಚ್ಚಳ ಎತ್ತಿ ನೋಡಬಹುದಿತ್ತು. ರಸ್ತೆಯಲ್ಲಿ ನೀರಿದ್ದು ಒಳಗೆ ಚರಂಡಿ ಅರೆಖಾಲಿಯಾಗಿದ್ದರೆ ಕಸದ್ದೇ ತಪ್ಪು. ಮುಚ್ಚಳದ ಸಂದಿಯಿಂದ ನೀರು ಮೇಲಕ್ಕೇ ಉಕ್ಕುತ್ತಿದ್ದರೆ ಕೆಳಗಿನ ಕಾಲುವೆ ತುಂಬಿದೆ ಎಂದರ್ಥ. ಆಗ ಕಸ ಬಾಚಿದಷ್ಟೂ ನೀರು ಹೊರಬರಲು ಬಾಯಿ ದೊಡ್ಡದಾಗುತ್ತದೆ, ಅಷ್ಟೆ. ಆದರೆ ಮಳೆಯಲ್ಲಿ ನೆನೆದರೆ ಶೀತ. ಸಭೆಯಲ್ಲಾದರೆ ಬಿಸಿ ಬಿಸಿ ಕಾಫಿ.

ದಾರಿ ತಪ್ಪಿದವರಿಗೆ ಒಂದು ಸಹಾಯವಿದೆ. ಮೆಜೆಸ್ಟಿಕ್ ಪಕ್ಕದ ರಸ್ತೆಗೆ ಇವತ್ತಿಗೂ ಟ್ಯಾಂಕ್ ಬಂಡ್ ರಸ್ತೆ ಎಂದೇ ಹೆಸರು. ನೀರಿಗೆ ಮಾತ್ರ ಆ ಹೆಸರು ಓದುವ ಅಗತ್ಯವೇ ಬಿದ್ದಿಲ್ಲ.