ಆರು ಗಂಟೆಯೊಳಗೆ ಎರಡು ಸಾಲು

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕುಳಿತು ಬೆಂಗಳೂರಿನ ತಂಡದೊಡನೆ ದಿನವೂ ಪತ್ರವ್ಯವಹಾರ ನಡೆಸುವ ನನ್ನ ಪಾಲಿಗೆ ಉತ್ತರದ ಉದ್ದವನ್ನು ಮೊದಲು ನಿರ್ಧರಿಸುವುದು ಗಡಿಯಾರ. ಎರಡೂ ಊರುಗಳ ನಡುವೆ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರವಿದೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ 1.30 ಆದಾಗ ಅಲ್ಲಿ ಸಂಜೆ 6 ಗಂಟೆ. ಊಟ ಮುಗಿಸಿ ಬಂದು, ನಾಲ್ಕು ಪ್ಯಾರಾಗಳನ್ನು ತಿದ್ದಿ ತೀಡಿ ಕಳುಹಿಸಿದರೆ ಅಲ್ಲಿಯವರು ಅದನ್ನು ಓದುವುದು ಮರುದಿನ ಬೆಳಿಗ್ಗೆ, ಶುಕ್ರವಾರವಾದರೆ ಸೋಮವಾರ.

ನಮ್ಮಲ್ಲಿ ಆಗಾಗ ಬರುವ ಪ್ರಶ್ನೆಯೊಂದನ್ನೇ ತೆಗೆದುಕೊಳ್ಳೋಣ. ಒಂದು ಬ್ರಾಕೆಟ್‌ನ ಡ್ರಾಯಿಂಗ್ ಸಪ್ಲೈಯರ್‌ಗೆ ಹೋಗಬೇಕು. ರಿವಿಷನ್ ಸಿ ಕಳುಹಿಸಬೇಕೋ, ಡಿ ಕಳುಹಿಸಬೇಕೋ? ಅಚ್ಚುಕಟ್ಟಾದ ದೀರ್ಘ ಉತ್ತರವು ಪ್ರಶ್ನೆಗೆ ಧನ್ಯವಾದ ಹೇಳಿ, ತೂತಿನ ಅಳತೆ ಬದಲಾದ ಇತಿಹಾಸವನ್ನು ವಿವರಿಸಿ, ತಡವಾದುದಕ್ಕೆ ವಿಷಾದಿಸಿ, ಮೂರನೆಯ ಪ್ಯಾರಾದಲ್ಲಿ ‘ಈ ಹಿನ್ನೆಲೆಯಲ್ಲಿ ಡಿಯನ್ನು ಪರಿಗಣಿಸಬಹುದು’ ಎನ್ನುತ್ತದೆ. ಅದು ತೀರ್ಮಾನವೋ ಸಲಹೆಯೋ ಓದಿದವರಿಗೆ ತಿಳಿಯದು. ಅದೇ ಪ್ರಶ್ನೆ ಬೇರೆ ಮಾತಿನಲ್ಲಿ ಮರಳಿ ಬಂದರೆ ನಮ್ಮ ಉತ್ತರ ಸೋತಿದೆ ಎಂದೇ ಅರ್ಥ. ನಾನು ಬರೆಯುವುದು ಹೀಗೆ:

‘ನಮಸ್ಕಾರ ಮೇಡಂ, ಸಪ್ಲೈಯರ್‌ಗೆ ರಿವಿಷನ್ ಡಿ ಕಳುಹಿಸಿ, ಸಿ ರದ್ದಾಗಿದೆ. ಬದಲಾವಣೆಗಳ ಪಟ್ಟಿಯನ್ನು ನಾಳೆ ನಿಮ್ಮ ಮಧ್ಯಾಹ್ನ 12 ಗಂಟೆಯೊಳಗೆ ಕಳುಹಿಸುತ್ತೇನೆ.’

ಕೇಳಿದ್ದು ಯಾವುದೆಂಬುದು ಉತ್ತರದಲ್ಲೇ ಮತ್ತೆ ಬಂದಿರುವುದರಿಂದ ಹಳೆಯ ಮೇಲ್ ತೆರೆದು ನೋಡಬೇಕಾಗಿಲ್ಲ. ಕಾರಣ ಎರಡೇ ಪದಗಳಲ್ಲಿ ಮುಗಿದಿದೆ. ಉಳಿದ ವಿವರ ಯಾವಾಗ ಸಿಗುತ್ತದೆ ಎಂಬುದನ್ನು ನನ್ನ ಗಡಿಯಾರದಲ್ಲಿ ಅಲ್ಲ, ಅವರ ಗಡಿಯಾರದಲ್ಲಿ ಹೇಳಲಾಗಿದೆ. ಸೌಜನ್ಯವೆಂದರೆ ನನ್ನ ಮಟ್ಟಿಗೆ ಇಷ್ಟೇ, ಆ ಮೊದಲ ‘ನಮಸ್ಕಾರ’ವನ್ನೂ ಸೇರಿಸಿ.

ಇಲ್ಲಿಯ ಸಹೋದ್ಯೋಗಿಗಳಿಗೆ ಇದು ಸಹಜ. ಹೆಸರು ಹಿಡಿದು ‘ಹಲೋ’ ಎಂದು, ವಿಷಯ ಹೇಳಿ, ‘ಫೀಲೆ ಗ್ರ್ಯೂಸೆ’ ಎಂದು ಮುಗಿಸುತ್ತಾರೆ. ಆದರೆ ಆ ವಂದನೆಯನ್ನೂ ಎರಡಕ್ಷರಕ್ಕೆ ಕತ್ತರಿಸಿ ಬರೆದರೆ ಇವರಲ್ಲೇ ಹಲವರು ಮುಖ ಸಿಂಡರಿಸುತ್ತಾರೆ. ಚುಟುಕುತನಕ್ಕೆ ಇಲ್ಲಿಯೂ ಒಂದು ಗಡಿ ಇದೆ. ನಮ್ಮವರಿಗೆ ಮಾತ್ರ ಎರಡು ಸಾಲು ಕಂಡೊಡನೆ ‘ಸಾಹೇಬರಿಗೆ ಸಿಟ್ಟು ಬಂದಿದೆಯೇನೋ’ ಎಂಬ ಅಳುಕು. ಉಭಯಕುಶಲೋಪರಿಯಿಂದ ಆರಂಭವಾಗುತ್ತಿದ್ದ ಪತ್ರಗಳ ನಾಡಿನಲ್ಲಿ ಚುಟುಕಾಗಿ ಬರುತ್ತಿದ್ದುದು ಟೆಲಿಗ್ರಾಂ, ಅದು ಬಂತೆಂದರೆ ಬಿಚ್ಚುವ ಮೊದಲೇ ಮನೆಮಂದಿಗೆ ಎದೆ ಧಸಕ್ಕೆನ್ನುತ್ತಿತ್ತು. 2013ರ ಜುಲೈನಲ್ಲಿ ಆ ಸೇವೆಯೇ ನಿಂತಿತು. ಅಳುಕು ಮಾತ್ರ ಉಳಿದುಕೊಂಡಿತು ಎಂಬುದು ನನ್ನ ಊಹೆ.

ಆ ಅಳುಕನ್ನು ನಿಜಮಾಡುವ ಚುಟುಕು ಉತ್ತರಗಳೂ ಇಲ್ಲದಿಲ್ಲ. ‘ಸಿಯೋ ಡಿಯೋ’ ಎಂದು ಕೇಳಿದವರಿಗೆ ‘ಸರಿ’ ಎಂದು ಬರೆಯುವುದು ಅಂಥದ್ದು. ‘ಹಿಂದಿನ ಮೇಲ್ ನೋಡಿ’ ಎನ್ನುವುದು ಇನ್ನೂ ಕೆಟ್ಟದ್ದು. ಕೇಳಿದವರನ್ನೇ ತಪ್ಪಿತಸ್ಥರನ್ನಾಗಿಸುವ ಆ ಮಾತಿಗೆ ಬದಲು ಹಿಂದಿನ ಮೇಲ್‌ನ ಆ ಒಂದು ಸಾಲನ್ನೇ ನಕಲಿಸಿ ಹಾಕಿದರೆ ಇಬ್ಬರಿಗೂ ಕೆಲಸ ಮುಗಿಯುತ್ತದೆ. ಎರಡು ಸಾಲಿನ ಉತ್ತರಕ್ಕೆ ಹೊಸದಾಗಿ ಮೇಲಧಿಕಾರಿಯ ಹೆಸರನ್ನು ಸಿಸಿಯಲ್ಲಿ ಸೇರಿಸಿದರಂತೂ ಮಾತು ಎಷ್ಟೇ ಮೃದುವಾಗಿದ್ದರೂ ಅದು ದೂರಿನಂತೆಯೇ ಓದಿಸಿಕೊಳ್ಳುತ್ತದೆ. ಅಂತರ್ಜಾಲದ ಶಿಷ್ಟಾಚಾರದ ಕುರಿತು 1995ರಲ್ಲಿ ಹೊರಬಂದ ಆರ್‌ಎಫ್‌ಸಿ 1855 ಎಂಬ ದಾಖಲೆಯೂ ಚಿಕ್ಕದಾಗಿ ಬರೆಯಿರಿ, ಆದರೆ ತೀರಾ ಮೊಟಕುಗೊಳಿಸಬೇಡಿ ಎಂದೂ, ಅರ್ಥವಾಗಲು ಬೇಕಾದಷ್ಟು ಮೂಲ ಪತ್ರವನ್ನು ಉತ್ತರದಲ್ಲಿ ಉಳಿಸಿಕೊಳ್ಳಿ ಎಂದೂ ಹೇಳಿತ್ತು.

ಹಾಗೆಂದು ಎಲ್ಲ ಉತ್ತರಗಳೂ ಎರಡೇ ಸಾಲಿನಲ್ಲಿ ಮುಗಿಯಬೇಕೆಂದು ನಾನು ವಾದಿಸುವುದಿಲ್ಲ. ನಮ್ಮ ಉತ್ತರವನ್ನು ಹಿಡಿದು ಬೇರೊಬ್ಬರನ್ನು ಒಪ್ಪಿಸಬೇಕಾದವರಿಗೆ ಕಾರಣಗಳೆಲ್ಲ ಬರಹದಲ್ಲಿಯೇ ಬೇಕು. ಎಳೆಯ ಎಂಜಿನಿಯರ್ ವಾರಗಟ್ಟಲೆ ಕುಳಿತು ಮಾಡಿದ ವಿನ್ಯಾಸವನ್ನು ತಳ್ಳಿಹಾಕುವಾಗ ‘ಇದು ಆಗದು’ ಎಂದಷ್ಟೇ ಬರೆಯುವುದು ನೇರನುಡಿಯೆಂದು ಇಲ್ಲಿ ಕೆಲವರು ಭಾವಿಸಿದರೂ, ನನಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಅಂಥ ಕಡೆ ಎರಡು ಸಾಲಿಗೆ ಇರುವ ಕೆಲಸ ಒಂದೇ: ಇನ್ನಷ್ಟು ಶ್ರಮ ವ್ಯರ್ಥವಾಗದಂತೆ, ಆರು ಗಂಟೆಯ ಮೊದಲೇ, ‘ಈ ಮಾದರಿಯ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿರಿ, ಕಾರಣಗಳನ್ನು ನಾಳೆ ಬೆಳಿಗ್ಗೆ ಫೋನ್ ಮಾಡಿ ಹೇಳುತ್ತೇನೆ’ ಎಂದು ತಿಳಿಸುವುದು. ಮರುದಿನದ ಆ ಮಾತುಕತೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಡೆಯಲಿ.